ಮೊದಲ ಮೂರು ಸಾಲು ಯಾರಿಗೆ?

ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್ ಎಂದುಕೊಳ್ಳೋಣ. ಆಟೊ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಯಿಂದ ಮಾಲೀಕರಿಗೆ ಎರಡನೇ ಸಲ ಡೆಬಿಟ್ ನೋಟ್ ಬಂದಿದೆ. ರಂಧ್ರದ ಅಳತೆ ತಪ್ಪಿದ್ದಕ್ಕೆ ಇಡೀ ಲಾಟ್ ವಾಪಸ್. ಪರಿಚಯದವರೊಬ್ಬರು ಕ್ವಾಲಿಟಿ ಕನ್ಸಲ್ಟೆಂಟ್ ಒಬ್ಬರ ಹೆಸರು ಹೇಳುತ್ತಾರೆ. ಮಾಲೀಕರು ಫೋನಿನಲ್ಲಿ ಲಿಂಕ್ಡ್‌ಇನ್ ತೆರೆದು ಆ ಹೆಸರು ಹುಡುಕುತ್ತಾರೆ. ಅಲ್ಲಿ ಅವರಿಗೆ ಸಿಗುವುದು ಇದು:

‘22 ವರ್ಷಗಳ ಅನುಭವವಿರುವ, ಫಲಿತಾಂಶಕ್ಕೆ ಬದ್ಧನಾದ ಕ್ವಾಲಿಟಿ ವೃತ್ತಿಪರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಸೇರಿ, ಕ್ವಾಲಿಟಿ ಎಂಜಿನಿಯರ್, ಸೀನಿಯರ್ ಎಂಜಿನಿಯರ್, ಮ್ಯಾನೇಜರ್ ಹುದ್ದೆಗಳಲ್ಲಿ ನಾಲ್ಕು ಪ್ರತಿಷ್ಠಿತ ಸಂಸ್ಥೆಗಳಲ್ಲಿ ಸೇವೆ. ಲೀಡ್ ಆಡಿಟರ್. ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್.’

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ವಾಪಸ್ ಬಂದ ಲಾಟ್ ಎದುರಿಗಿಟ್ಟುಕೊಂಡು ಕೂತ ಮಾಲೀಕರಿಗೆ ತಮ್ಮ ಕಷ್ಟ ಈ ಮನುಷ್ಯನಿಗೆ ಗೊತ್ತಿದೆಯೇ ಎಂಬುದು ಮಾತ್ರ ತಿಳಿಯಲಿಲ್ಲ. ಈ ಬರಹ ಬಯೋಡೇಟಾದ ಜಾಡಿನಲ್ಲೇ ಹೋಗಿದೆ. ಎಚ್‌ಆರ್‌ನವರು ಅಭ್ಯರ್ಥಿಯ ಹುದ್ದೆಗಳ ಏಣಿಯನ್ನು ನೋಡುತ್ತಾರೆ, ಗ್ರಾಹಕರು ತಮ್ಮ ಸಮಸ್ಯೆಯನ್ನು ಹುಡುಕುತ್ತಾರೆ. ನೌಕರಿ ಬಿಟ್ಟು ಸ್ವಂತವಾಗಿ ಸಲಹೆ ಕೊಡಲು ಇಳಿದವರ ಪ್ರೊಫೈಲ್ ಬಹಳ ಸಲ ಇನ್ನೂ ನೌಕರಿಯನ್ನೇ ಕೇಳುತ್ತಿರುತ್ತದೆ. ಹುದ್ದೆಗಳ ವಿವರಕ್ಕೆ ಅದೇ ಪುಟದಲ್ಲಿ ‘ಎಕ್ಸ್‌ಪೀರಿಯನ್ಸ್’ ಎಂಬ ಬೇರೆ ಜಾಗವಿದೆ. ಅದನ್ನೇ ‘ಅಬೌಟ್’ನಲ್ಲಿ ಮತ್ತೊಮ್ಮೆ ಹೇಳಿದರೆ ಗ್ರಾಹಕರ ಜೊತೆ ನೇರವಾಗಿ ಮಾತನಾಡಲು ಇರುವ ಒಂದೇ ಜಾಗ ವ್ಯರ್ಥವಾಗುತ್ತದೆ.

ಆ ಜಾಗದ ಅಳತೆಯೂ ಗೊತ್ತಿರಬೇಕು. ‘ಅಬೌಟ್’ನಲ್ಲಿ ಗರಿಷ್ಠ 2,600 ಅಕ್ಷರ ಹಿಡಿಯುತ್ತದೆ. ಆದರೆ ಪ್ರೊಫೈಲ್ ತೆರೆದವರ ಕಣ್ಣಿಗೆ ಬೀಳುವುದು ಮೊದಲ ಕೆಲವು ಸಾಲು ಮಾತ್ರ, ಉಳಿದದ್ದನ್ನು ಅವರೇ ಒತ್ತಿ ತೆರೆಯಬೇಕು. ಫೋನಿನಲ್ಲಿ ಕಾಣುವ ಭಾಗ ಇನ್ನೂ ಚಿಕ್ಕದು. ಹಾಗಾಗಿ ಹೊಸದಾಗಿ ಬರೆಯುವ ಕೆಲಸದಲ್ಲಿ ಅರ್ಧ ಶ್ರಮ ಈ ಮೊದಲ ಮೂರು ಸಾಲಿಗೇ ಹೋಗಬೇಕು.

ಆ ಸಾಲುಗಳಿಗೆ ಮಾತು ಎಲ್ಲಿಂದ ತರುವುದು? ಹಳೆಯ ಗ್ರಾಹಕರು ಮೊದಲ ಸಲ ಫೋನ್ ಮಾಡಿದಾಗ ಏನೆಂದರು ಎಂದು ನೆನಪಿಸಿಕೊಂಡು, ಅವರು ಆಡಿದ ಹಾಗೆಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯ ದಾರಿ. ‘ರಿಜೆಕ್ಷನ್ ನಿಲ್ತಾನೇ ಇಲ್ಲ ಸಾರ್.’ ‘ಮುಂದಿನ ತಿಂಗಳು ಕಸ್ಟಮರ್ ಆಡಿಟ್ ಇದೆ, ರೆಕಾರ್ಡ್ ಒಂದೂ ಸರಿಯಿಲ್ಲ.’ ‘ಇನ್‌ಸ್ಪೆಕ್ಟರ್ ಬಿಟ್ಟು ಹೋದ, ಈಗ ನಾನೇ ಗೇಜ್ ಹಿಡ್ಕೊಂಡು ನಿಂತಿದ್ದೀನಿ.’ ಹೀಗೆ ಮಾತನಾಡುವವರು ‘ಗುಣಮಟ್ಟ ನಿರ್ವಹಣೆಯಲ್ಲಿ ಉತ್ಕೃಷ್ಟತೆ’ ಬೇಕೆಂದು ಫೋನ್ ಮಾಡುವುದಿಲ್ಲ. ಇಂಥ ನಾಲ್ಕೈದು ಮಾತು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಷ್ಟ ಮತ್ತೆ ಮತ್ತೆ ಬರುತ್ತದೆ ಎಂಬುದು ಕಾಣುತ್ತದೆ. ನಮ್ಮ ಉದಾಹರಣೆಯ ಸಲಹೆಗಾರರಿಗೆ ಅದು ವಾಪಸ್ ಬರುವ ಲಾಟ್. ಆಗ ಆರಂಭ ಹೀಗಾಗಬಹುದು:

‘ಕಸ್ಟಮರ್ ಲಾಟ್ ವಾಪಸ್ ಕಳಿಸುತ್ತಿದ್ದಾರೆಯೇ? ತಪ್ಪು ಬಹಳ ಸಲ ಕೊನೆಯ ತಪಾಸಣೆಯದಲ್ಲ. ಸೆಟ್ಟಿಂಗ್ ಆದ ಮೇಲೆ ಮೊದಲ ಪೀಸನ್ನು ಯಾರೂ ಸರಿಯಾಗಿ ಅಳೆದಿರುವುದಿಲ್ಲ. ಆಟೊ ಬಿಡಿಭಾಗ ಮಾಡುವ, 20ರಿಂದ 100 ಜನರಿರುವ ಮೆಷಿನ್ ಶಾಪ್‌ಗಳಲ್ಲಿ ನಾನು ಇದನ್ನು ಸರಿಪಡಿಸಿಕೊಡುತ್ತೇನೆ.’

ಇಲ್ಲಿ ಮಧ್ಯದ ವಾಕ್ಯದ ತೂಕವೇ ಹೆಚ್ಚು. ಪ್ರಶ್ನೆ ಯಾರು ಬೇಕಾದರೂ ಕೇಳಬಹುದು, ‘ಸರಿಪಡಿಸುತ್ತೇನೆ’ ಎಂದು ಯಾರು ಬೇಕಾದರೂ ಹೇಳಬಹುದು. ರೋಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಮಾತ್ರ ಶಾಪ್ ಫ್ಲೋರ್‌ನಲ್ಲಿ ನಿಂತು ನೋಡಿರಬೇಕು. ಕೊನೆಯ ವಾಕ್ಯದಲ್ಲಿರುವ ಘಟಕದ ಗಾತ್ರವೂ ಬೇಕು. ಸಾವಿರ ಜನರ ಕಾರ್ಖಾನೆಯವರು ಇದನ್ನು ಓದಿ ಮುಂದೆ ಹೋಗಬಹುದು, ಆದರೆ 40 ಜನರ ಘಟಕದ ಮಾಲೀಕರು ನಿಂತು ಓದುತ್ತಾರೆ. ಎಲ್ಲರನ್ನೂ ಹಿಡಿಯುವ ಆಸೆಯಿಂದ ‘ಉತ್ಪಾದನೆ, ಸೇವೆ, ಆರೋಗ್ಯ, ಶಿಕ್ಷಣ ಕ್ಷೇತ್ರಗಳಿಗೆ ಸಲಹೆ’ ಎಂದು ಬರೆದರೆ ಯಾರಿಗೂ ಅದು ತಮಗೇ ಬರೆದದ್ದು ಅನ್ನಿಸುವುದಿಲ್ಲ.

ನಂತರದ ಪ್ಯಾರಾದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಸಣ್ಣ ಘಟಕದವರಿಗೆ ಕನ್ಸಲ್ಟೆಂಟ್ ಎಂದರೆ ಬಂದು ಫೈಲ್ ಕೊಟ್ಟು ಹೋಗುವವರು ಎಂಬ ಅಂಜಿಕೆ ಇರುತ್ತದೆ. ಅದನ್ನು ಕಳೆಯಬಲ್ಲದ್ದು ವಿವರ: ಮೊದಲ ದಿನ ಮೂರು ತಿಂಗಳ ರಿಜೆಕ್ಷನ್ ರಿಜಿಸ್ಟರ್ ನೋಡುತ್ತಾರೆ, ಗೇಜ್‌ಗಳ ಕ್ಯಾಲಿಬ್ರೇಷನ್ ದಿನಾಂಕ ಪರಿಶೀಲಿಸುತ್ತಾರೆ, ಶಿಫ್ಟ್ ಬದಲಾಗುವ ಹೊತ್ತಿಗೆ ಮೆಷಿನ್ ಪಕ್ಕ ನಿಲ್ಲುತ್ತಾರೆ. ಹೋಗುವಾಗ ಆಪರೇಟರ್ ತಾನೇ ತುಂಬಬಹುದಾದ, ಕನ್ನಡದಲ್ಲಿರುವ ಮೊದಲ ಪೀಸ್ ತಪಾಸಣೆಯ ಹಾಳೆ ಬಿಟ್ಟುಹೋಗುತ್ತಾರೆ. ಏನು ಮಾಡುವುದಿಲ್ಲ ಎಂದು ಹೇಳುವುದೂ ನಂಬಿಕೆ ಹುಟ್ಟಿಸುತ್ತದೆ. ‘ಗೋಡೆಗೆ ಹಾಕಲು ಸರ್ಟಿಫಿಕೇಟ್ ಮಾತ್ರ ಬೇಕಿದ್ದರೆ ನಾನು ಸರಿಯಾದ ವ್ಯಕ್ತಿ ಅಲ್ಲ’ ಎಂಬ ಸಾಲು ಕೆಲವು ಫೋನ್ ಕರೆಗಳನ್ನು ತಪ್ಪಿಸುತ್ತದೆ. ತಪ್ಪಬೇಕಾದವೂ ಅವೇ.

ಹಾಗಾದರೆ 22 ವರ್ಷಗಳ ಅನುಭವ ಎಲ್ಲಿ ಹೋಯಿತು? ಅದು ಪಟ್ಟಿಯ ಬದಲು ಪುರಾವೆಯಾಗಿ ಬರಬೇಕು. ಈ ಸಲಹೆಗಾರರು ಆ ಪೈಕಿ 12 ವರ್ಷ ಬಿಡಿಭಾಗ ಕೊಳ್ಳುವ ಕಂಪನಿಗಳಲ್ಲಿ, ಸಪ್ಲೈಯರ್‌ಗಳ ಗುಣಮಟ್ಟ ನೋಡುವ ವಿಭಾಗದಲ್ಲಿದ್ದರು ಎನ್ನಿ. ಹಳೆಯ ಬರಹದಲ್ಲಿ ಅದು ‘ಸೀನಿಯರ್ ಎಂಜಿನಿಯರ್’ ಎಂಬ ಎರಡು ಪದಗಳಲ್ಲಿ ಹೂತುಹೋಗಿತ್ತು. ಹೊಸದರಲ್ಲಿ ಹೀಗೆ ಬರುತ್ತದೆ: ‘12 ವರ್ಷ ನಾನು ಲಾಟ್ ವಾಪಸ್ ಕಳಿಸುವವರ ಕಡೆ ಕೂತಿದ್ದೆ. ನಿಮ್ಮ ಕಸ್ಟಮರ್‌ನ ಆಡಿಟರ್ ಮೊದಲು ಯಾವ ರಿಜಿಸ್ಟರ್ ತೆಗೆಸುತ್ತಾರೆ ಎಂಬುದು ನನಗೆ ಗೊತ್ತು.’ ಅನುಭವ ಅದೇ, ಆದರೆ ಈಗ ಅದು ಓದುವವರ ಉಪಯೋಗಕ್ಕೆ ಬಂದಿದೆ. ಗ್ರೀನ್ ಬೆಲ್ಟ್, ಲೀಡ್ ಆಡಿಟರ್ ಪ್ರಮಾಣಪತ್ರಗಳಿಗೆ ಕೊನೆಯಲ್ಲಿ ಒಂದು ಸಾಲು ಸಾಕು.

ಒಂದು ಕೆಲಸದ ಕಥೆಯನ್ನೂ ಚಿಕ್ಕದಾಗಿ ಹೇಳಬಹುದು. ‘ರಿಜೆಕ್ಷನ್ 75% ಇಳಿಸಿದೆ’ ಎಂಬುದು ಜಾಹೀರಾತಿನಂತೆ ಕೇಳುತ್ತದೆ. ‘ನೂರಕ್ಕೆ ನಾಲ್ಕು ಪೀಸ್ ತಿರಸ್ಕೃತವಾಗುತ್ತಿದ್ದ ಘಟಕದಲ್ಲಿ ನಾಲ್ಕು ತಿಂಗಳಲ್ಲಿ ಅದು ಒಂದಕ್ಕೆ ಇಳಿಯಿತು’ ಎಂದರೆ ಆರಂಭ, ಅಂತ್ಯ, ಅವಧಿ ಮೂರೂ ಸಿಗುತ್ತವೆ. ಆದರೆ ಅದೇ ಹೊತ್ತಿನಲ್ಲಿ ಘಟಕದವರು ಹೊಸ ಮೆಷಿನ್ ಹಾಕಿದ್ದರೆ ಅದನ್ನೂ ಹೇಳಬೇಕು. ಇಲ್ಲದಿದ್ದರೆ ಮೊದಲ ಭೇಟಿಯಲ್ಲೇ ಮಾತು ಬಿದ್ದುಹೋಗುತ್ತದೆ. ಅಂಕಿ ಹಾಕುವ ಮುನ್ನ ಆ ಗ್ರಾಹಕರ ಒಪ್ಪಿಗೆ ಪಡೆಯಬೇಕು. ಹೆಸರು ಬಿಟ್ಟರೂ ಬಿಡಿಭಾಗ ಮತ್ತು ಊರು ಸೇರಿದರೆ ಸಣ್ಣ ಉದ್ಯಮದಲ್ಲಿ ಅದು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಈ ರೀತಿಯ ಬರಹ ಎಲ್ಲ ವೃತ್ತಿಯವರಿಗೂ ಹೊಂದುವುದಿಲ್ಲ. ಭಾರತದಲ್ಲಿ ವಕೀಲರು ಮತ್ತು ಪ್ರಾಕ್ಟೀಸ್ ಮಾಡುವ ಚಾರ್ಟರ್ಡ್ ಅಕೌಂಟೆಂಟ್‌ಗಳು ಗ್ರಾಹಕರನ್ನು ಆಹ್ವಾನಿಸುವುದಕ್ಕೆ ಅವರವರ ವೃತ್ತಿ ನಿಯಮಗಳ ಕಟ್ಟುಪಾಡಿದೆ. ಅವರು ಆ ನಿಯಮ ನೋಡಿಕೊಂಡೇ ಮುಂದುವರಿಯಬೇಕು.

ಕೊನೆಯ ಸಾಲು ಸಂಪರ್ಕದ್ದು. ‘ಸಂಪರ್ಕಿಸಿ’ ಎಂಬ ಒಂದು ಪದಕ್ಕಿಂತ ‘ಕಳೆದ ಮೂರು ರಿಜೆಕ್ಷನ್‌ಗಳ ವಿವರ ಮೆಸೇಜ್ ಮಾಡಿ, ಮೊದಲ 20 ನಿಮಿಷದ ಮಾತಿಗೆ ಶುಲ್ಕವಿಲ್ಲ’ ಎಂಬುದು ಹೆಚ್ಚು ಸುಲಭದ ಹೆಜ್ಜೆ. ಪ್ರೊಫೈಲ್ ಚಿತ್ರದ ಸುತ್ತ ಕೆಲಸ ಹುಡುಕುತ್ತಿರುವುದಾಗಿ ಸಾರುವ ಹಸಿರು ಪಟ್ಟಿ ಇದ್ದರೆ ಅದನ್ನು ತೆಗೆಯಬೇಕು. ಹೆಸರಿನ ಕೆಳಗಿನ, 220 ಅಕ್ಷರ ಹಿಡಿಯುವ ಹೆಡ್‌ಲೈನ್‌ನಲ್ಲೂ ‘ಮಾಜಿ ಮ್ಯಾನೇಜರ್’ ಹೋಗಿ ‘ಮೆಷಿನ್ ಶಾಪ್‌ಗಳಿಗೆ ಕ್ವಾಲಿಟಿ ಕನ್ಸಲ್ಟೆಂಟ್’ ಎಂದಾಗಬೇಕು. ಹುಡುಕುವವರು ಟೈಪ್ ಮಾಡುವುದು ಅದನ್ನೇ.

ಬದಲಾವಣೆ ಫಲ ಕೊಟ್ಟಿತೇ ಎಂಬುದನ್ನು ಎಷ್ಟು ಜನ ಪ್ರೊಫೈಲ್ ನೋಡಿದರು ಎನ್ನುವುದಕ್ಕಿಂತ ಬರುವ ಮೆಸೇಜ್‌ಗಳು ಚೆನ್ನಾಗಿ ಹೇಳುತ್ತವೆ. ನೇಮಕಾತಿ ಏಜೆನ್ಸಿಗಳು ಇನ್ನೂ ನೋಟಿಸ್ ಪೀರಿಯಡ್ ಎಷ್ಟು ಎಂದು ಕೇಳುತ್ತಿದ್ದರೆ ಮೊದಲ ಮೂರು ಸಾಲು ಮತ್ತೆ ತಿದ್ದಬೇಕು. ಯಾರೋ ಮಾಲೀಕರು ವಾಪಸ್ ಬಂದ ಪೀಸಿನ ಫೋಟೊ ಕಳಿಸಿ, ‘ನಮ್ದೂ ಇದೇ ಕಥೆ, ಯಾವಾಗ ಬರ್ತೀರಿ?’ ಎಂದು ಕೇಳಿದರೆ ಆ ಸಾಲುಗಳನ್ನು ಮುಟ್ಟಬೇಕಿಲ್ಲ.