ಅಮ್ಮನಿಗೆ ಹೇಳದ ಕಾಯಿಲೆ

1963ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಲೇಖಕಿ ಸಿಮೋನ್ ದ ಬೋವಾ ಅವರ ತಾಯಿ ಬಚ್ಚಲಲ್ಲಿ ಬಿದ್ದು ತೊಡೆಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಗೊತ್ತಾದದ್ದು ಕರುಳಿನ ಕ್ಯಾನ್ಸರ್. ತಾಯಿಗೆ ಮಾತ್ರ ಅದು ಹೊಟ್ಟೆಯೊಳಗಿನ ಉರಿಯೂತ, ಆಪರೇಷನ್ ಆಗಿದೆ, ವಾಸಿಯಾಗುತ್ತದೆ ಎಂದರು. ಇಬ್ಬರು ಹೆಣ್ಣುಮಕ್ಕಳೂ ಕೊನೆಯವರೆಗೆ ಆ ಸುಳ್ಳನ್ನೇ ಕಾಪಾಡಿದರು. (‘ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ’ ಎಂಬ ಪಿಸುಮಾತು ನಮ್ಮ ವಾರ್ಡುಗಳಿಗೂ ಹೊಸದಲ್ಲ.)

ಮರುವರ್ಷವೇ ಬೋವಾ ಇದನ್ನು ಪುಸ್ತಕವಾಗಿ ಬರೆದರು. ಆಡದೆ ಉಳಿದ ಮಾತುಗಳನ್ನು ಅವರು ಕಲ್ಪಿಸಿ ತುಂಬಲಿಲ್ಲ. ಮೈಯ ವಿವರಗಳಲ್ಲಿ ಕಾಣಿಸಿದರು. ಒಂದು ರಾತ್ರಿ ಸಾರ್ತ್ರ್ ಜೊತೆ ತಾಯಿಯ ಬಾಯಿಯ ಬಗ್ಗೆ, ಅದರಲ್ಲಿ ಕಂಡ ಅದುಮಿಟ್ಟ ಆಸೆ ಮತ್ತು ಒಂಟಿತನದ ಬಗ್ಗೆ ಹೇಳುತ್ತಿದ್ದಾಗ, ಅವರದೇ ಬಾಯಿ ತಾಯಿಯದರಂತೆ ಅದುರತೊಡಗಿತು. ಹಾಸಿಗೆ ಪಕ್ಕದಲ್ಲಿ ತೋರಿಸಿಕೊಳ್ಳದ ಸಂಕಟ ಅಲ್ಲಿ ಒಡೆದು ಬಂತು. ಪುಸ್ತಕದಲ್ಲಿ ನನಗೆ ಮಿಗಿಲೆನಿಸುವುದು ಈ ಭಾಗ.

ಬದುಕಿಡೀ ದೈವಭಕ್ತೆಯಾಗಿದ್ದ ತಾಯಿ ಪಾದ್ರಿಯನ್ನು ಕರೆಸಿ ಎನ್ನಲೇ ಇಲ್ಲ. ಹಾಗಾದರೆ ಮೌನ ಬರೀ ಮಕ್ಕಳದಾಗಿರಲಿಲ್ಲ.

ತೀರಿಕೊಂಡ ಮೇಲೆ, ಇದು ಬಲು ಸುಲಭದ ಸಾವು ಎಂದು ನರ್ಸ್ ಸಮಾಧಾನ ಹೇಳಿದಳು. ಬೋವಾ ಆ ಮಾತನ್ನೇ ಪುಸ್ತಕದ ಹೆಸರಾಗಿಸಿದರು. ಒಳಪುಟಗಳಲ್ಲಿ ಮಾತ್ರ ಹಾಸಿಗೆ ಹುಣ್ಣು, ಮಾರ್ಫಿನ್, ನರಳಾಟ.