ಮಾಸಿಕ ದೇಣಿಗೆ ನಿಲ್ಲಿಸುವಾಗ: ಪತ್ರ, ಬ್ಯಾಂಕು ಮತ್ತು 80ಜಿ ರಸೀದಿ

ಸೇವಾ ಸಂಸ್ಥೆಗಳಿಗೆ ತಿಂಗಳು ತಿಂಗಳು ದೇಣಿಗೆ ಕೊಡುವವರ ಖಾತೆಯಿಂದ ಹಣ ಸಾಮಾನ್ಯವಾಗಿ ತಾನಾಗಿಯೇ ಕಡಿತವಾಗುತ್ತದೆ. ಇದಕ್ಕೆ ಆಧಾರ, ದಾನಿ ಮೊದಲೇ ಕೊಟ್ಟ ಒಪ್ಪಿಗೆ. ಬ್ಯಾಂಕ್ ಖಾತೆಯಾದರೆ ಅದು ಎನ್‌ಎಸಿಎಚ್ ಮ್ಯಾಂಡೇಟ್, ಮೊಬೈಲ್ ಆ್ಯಪ್ ಆದರೆ ಯುಪಿಐ ಆಟೋಪೇ. ದೇಣಿಗೆ ನಿಲ್ಲಿಸುವುದೆಂದರೆ ಈ ಒಪ್ಪಿಗೆಯನ್ನು ಹಿಂಪಡೆಯುವುದು. ಸಂಸ್ಥೆಗೆ ತಿಳಿಸುವುದು ಮತ್ತು ಮ್ಯಾಂಡೇಟ್ ರದ್ದು ಮಾಡುವುದು ಬೇರೆ ಬೇರೆ ಕೆಲಸಗಳು, ಎರಡೂ ಆಗಬೇಕು.

ಖಾತೆಯಲ್ಲಿ ಹಣ ಇಡದೆ ಕಂತು ತಪ್ಪಿಸುವ ದಾರಿ ಇಬ್ಬರಿಗೂ ತೊಂದರೆ. ಮ್ಯಾಂಡೇಟ್ ವಾಪಸಾದಾಗ ಬ್ಯಾಂಕು ದಾನಿಗೆ ದಂಡಶುಲ್ಕ ಹಾಕಬಹುದು, ಮುಂದಿನ ತಿಂಗಳು ಕಡಿತದ ಪ್ರಯತ್ನ ಮತ್ತೆ ನಡೆಯುತ್ತದೆ. ಸಂಸ್ಥೆಯವರಿಗೂ ದಾನಿ ನಿಲ್ಲಿಸಿದ್ದಾರೋ, ಆ ತಿಂಗಳು ಮಾತ್ರ ಹಣ ಇರಲಿಲ್ಲವೋ ಗೊತ್ತಾಗದೆ ಫೋನ್ ಕರೆಗಳು ಶುರುವಾಗುತ್ತವೆ. ಬರುವ ಹಣವನ್ನು ನಂಬಿ ಮಕ್ಕಳ ಶುಲ್ಕವನ್ನೋ ಔಷಧಿಯ ಖರ್ಚನ್ನೋ ಲೆಕ್ಕ ಹಾಕಿರುವ ಸಂಸ್ಥೆಗೆ ಮುಂಚಿತವಾಗಿ ಒಂದು ಮಾತು ತಿಳಿಸುವುದೇ ಸೌಜನ್ಯ.

ಪತ್ರ ಅಥವಾ ಇಮೇಲ್ ಚಿಕ್ಕದಾಗಿದ್ದರೆ ಸಾಕು. ಮುಂದಿನ ಕಂತಿಗೆ ಎರಡು ಮೂರು ವಾರ ಮೊದಲೇ ಕಳಿಸುವುದು ಒಳ್ಳೆಯದು, ಏಕೆಂದರೆ ಕಡಿತದ ಪಟ್ಟಿ ಬ್ಯಾಂಕಿಗೆ ಮೊದಲೇ ಹೋಗಿರುತ್ತದೆ. ಕಾರಣ ಹೇಳಲೇಬೇಕೆಂದಿಲ್ಲ. ಒಂದು ಮಾದರಿ ಹೀಗಿದೆ:

“ಮಾನ್ಯರೇ, ನಮಸ್ಕಾರ. ತಮ್ಮ ಸಂಸ್ಥೆಗೆ ಪ್ರತಿ ತಿಂಗಳು ಕೊಡುತ್ತಿದ್ದ 1,000 ರೂಪಾಯಿ ದೇಣಿಗೆಯನ್ನು ಸೆಪ್ಟೆಂಬರ್ ಕಂತಿಗೆ ನಿಲ್ಲಿಸುತ್ತಿದ್ದೇನೆ. ಅಕ್ಟೋಬರ್‌ನಿಂದ ಕಡಿತ ಮಾಡದಂತೆ ವಿನಂತಿ. ದಾನಿ ಸಂಖ್ಯೆ ಮತ್ತು ಮ್ಯಾಂಡೇಟ್ ಸಂಖ್ಯೆ ಕೆಳಗಿವೆ. ರದ್ದಾದದ್ದನ್ನು ಇಮೇಲ್ ಮೂಲಕ ಖಚಿತಪಡಿಸಿ. ಈ ವರ್ಷದ ತೆರಿಗೆ ಪ್ರಮಾಣಪತ್ರವನ್ನು ಇದೇ ವಿಳಾಸಕ್ಕೆ ಕಳಿಸಿ. ತಮ್ಮ ಕೆಲಸ ಚೆನ್ನಾಗಿ ನಡೆಯಲಿ.”

ಆಮೇಲೆ ಮ್ಯಾಂಡೇಟನ್ನೂ ರದ್ದು ಮಾಡಬೇಕು. ಯುಪಿಐ ಆದರೆ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಆ ಸಂಸ್ಥೆಯ ಹೆಸರು ಹುಡುಕಿ ರದ್ದು ಮಾಡಬಹುದು. ಎನ್‌ಎಸಿಎಚ್ ಆದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಅಥವಾ ಶಾಖೆಯಲ್ಲಿ ಅರ್ಜಿ ಕೊಡಬೇಕು, ಅದಕ್ಕೆ ಯುಎಂಆರ್‌ಎನ್ ಎಂಬ ಮ್ಯಾಂಡೇಟ್ ಸಂಖ್ಯೆ ಬೇಕಾಗುತ್ತದೆ. ಮುಂದಿನ ಕಂತಿನ ದಿನ ಕಳೆದ ಮೇಲೆ ಪಾಸ್‌ಬುಕ್ ನೋಡಿದರೆ ಕಡಿತ ನಿಂತಿದೆಯೇ ಎಂಬುದು ತಿಳಿಯುತ್ತದೆ.

ನಿಲ್ಲಿಸಿದ ಮಾತ್ರಕ್ಕೆ ಹಿಂದೆ ಕೊಟ್ಟ ಹಣದ ತೆರಿಗೆ ವಿನಾಯಿತಿ ಹೋಗುವುದಿಲ್ಲ. ಕೊಡುತ್ತೇನೆಂದು ಒಪ್ಪಿ ಕೊಡದೆ ಉಳಿದದ್ದಕ್ಕೆ ವಿನಾಯಿತಿಯೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಹಣಕಾಸು ವರ್ಷದಲ್ಲಿ ನಿಜವಾಗಿ ಪಾವತಿಯಾದ ಮೊತ್ತವನ್ನು. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಷ್ಟೇ ಈ ವಿನಾಯಿತಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ, ಆ ನಂತರದ ದೇಣಿಗೆಗಳಿಗೆ ಸೆಕ್ಷನ್ ಸಂಖ್ಯೆ ಬೇರೆ.

ಒಂದು ಉದಾಹರಣೆ: ದಾನಿಯೊಬ್ಬರು 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1,000 ರೂಪಾಯಿಯಂತೆ ಕೊಟ್ಟು ನಿಲ್ಲಿಸಿದರು. ವರ್ಷದ ಮೊತ್ತ 6,000. ಬಹುತೇಕ ಖಾಸಗಿ ಟ್ರಸ್ಟ್‌ಗಳ ವಿಷಯದಲ್ಲಿ ಇದರ ಅರ್ಧ, ಅಂದರೆ 3,000 ರೂಪಾಯಿ, ಆದಾಯದಿಂದ ಕಳೆಯಲ್ಪಡುತ್ತದೆ. ಶೇ. 20ರ ಸ್ಲ್ಯಾಬ್‌ನಲ್ಲಿರುವವರಿಗೆ ಸೆಸ್ ಸೇರಿ 624 ರೂಪಾಯಿ ತೆರಿಗೆ ಉಳಿಯುತ್ತದೆ.

ಈ ವಿನಾಯಿತಿಗೆ ಬೇಕಾದದ್ದು ಫಾರಂ 10ಬಿಇ ಎಂಬ ಪ್ರಮಾಣಪತ್ರ. ಸಂಸ್ಥೆ ತನ್ನ ದಾನಿಗಳ ವಿವರವನ್ನು ಫಾರಂ 10ಬಿಡಿ ಮೂಲಕ ತೆರಿಗೆ ಇಲಾಖೆಗೆ ಸಲ್ಲಿಸಿದ ಮೇಲೆ ಅದು ಸಿದ್ಧವಾಗುತ್ತದೆ. ಎರಡಕ್ಕೂ ಕೊನೆಯ ದಿನ ಹಣಕಾಸು ವರ್ಷ ಮುಗಿದ ನಂತರದ ಮೇ 31. ಹಾಗಾಗಿ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದವರಿಗೆ ಪ್ರಮಾಣಪತ್ರ ಸಿಗಲು ಎಂಟು ತಿಂಗಳಾದರೂ ಆಗಬಹುದು. ಅಷ್ಟರಲ್ಲಿ ಕೆಲಸ ಬದಲಾಗಿ ಕಚೇರಿಯ ಇಮೇಲ್ ಮುಚ್ಚಿಹೋದರೆ ಅದು ತಲುಪುವುದೇ ಇಲ್ಲ. ಬಿಡುವ ಮುನ್ನ ಸ್ವಂತ ಇಮೇಲ್ ಮತ್ತು ಪ್ಯಾನ್ ಸಂಖ್ಯೆ ಸಂಸ್ಥೆಯ ದಾಖಲೆಯಲ್ಲಿ ಸರಿಯಾಗಿವೆಯೇ ನೋಡಿಕೊಳ್ಳುವುದು ಇದಕ್ಕಾಗಿ. ತಿಂಗಳ ರಸೀದಿಗಳು ಪ್ರಮಾಣಪತ್ರದ ಬದಲಿ ಅಲ್ಲ, ಆದರೆ ಮೊತ್ತ ತಾಳೆ ನೋಡಲು ಬೇಕಾಗುತ್ತವೆ.

ತಪ್ಪು ಹೆಚ್ಚಾಗಿ ಕಾಣುವುದು ಕೊನೆಯ ಕಂತಿನಲ್ಲಿ. ಮೇಲಿನ ದಾನಿಯ ಪತ್ರ ತಡವಾಗಿ ತಲುಪಿ ಅಕ್ಟೋಬರ್‌ನಲ್ಲೂ 1,000 ರೂಪಾಯಿ ಕಡಿತವಾಗಿ, ಸಂಸ್ಥೆ ಅದನ್ನು ಹಿಂದಿರುಗಿಸಿತೆಂದುಕೊಳ್ಳಿ. ಆಗಲೂ ಪ್ರಮಾಣಪತ್ರದಲ್ಲಿ 6,000 ಇರಬೇಕು. 7,000 ಎಂದು ಬಂದಿದ್ದರೆ ದಾನಿ ಅದನ್ನು ಹಾಗೆಯೇ ರಿಟರ್ನ್‌ಗೆ ಹಾಕಬಾರದು. ಬ್ಯಾಂಕ್ ವಿವರದ ಪ್ರತಿ ಕಳಿಸಿ ತಿದ್ದುಪಡಿ ಕೇಳಬೇಕು. ಸಂಸ್ಥೆ ತಿದ್ದಿದ 10ಬಿಡಿ ಸಲ್ಲಿಸಿ ಹೊಸ ಪ್ರಮಾಣಪತ್ರ ಕೊಡಲು ಅವಕಾಶವಿದೆ. ಹಣ ವಾಪಸ್ ಬರದೆ ಸಂಸ್ಥೆಯಲ್ಲೇ ಉಳಿದಿದ್ದರೆ ಮಾತ್ರ 7,000 ಸರಿಯಾದ ಮೊತ್ತ, ಆಗ ಆ ಏಳನೆಯ ಕಂತಿಗೂ ವಿನಾಯಿತಿ ಪಡೆಯಬಹುದು.