ಕೇಬಲ್ ಸರಿಯಿದೆ, ಫೋನ್ ಒಪ್ಪಬೇಕಲ್ಲ!

ಗ್ಯಾಲಕ್ಸಿ ಎಸ್23 ಮತ್ತು ಗ್ಯಾಲಕ್ಸಿ ಎ54, ಎರಡೂ 2023ರಲ್ಲಿ ಬಂದ ಸ್ಯಾಮ್‌ಸಂಗ್ ಫೋನುಗಳು. ಎರಡರ ತಳದಲ್ಲೂ ಇರುವುದು ಅದೇ ಟೈಪ್-ಸಿ ಕಿಂಡಿ. ಟಿವಿಯ ಎಚ್‌ಡಿಎಂಐ ಕೇಬಲ್ಲಿಗೆ ಟೈಪ್-ಸಿ ಅಡಾಪ್ಟರ್ ಹಾಕಿ ಎಸ್23ಕ್ಕೆ ಚುಚ್ಚಿದರೆ ಕೆಲವೇ ಸೆಕೆಂಡಿನಲ್ಲಿ ಟಿವಿಯಲ್ಲಿ ಚಿತ್ರ ಮೂಡುತ್ತದೆ. ಅದನ್ನೇ ಕಿತ್ತು ಎ54ಕ್ಕೆ ಚುಚ್ಚಿದರೆ ಟಿವಿ ಹೇಳುವುದು ಒಂದೇ ಮಾತು: ‘No Signal’.

ಇಲ್ಲಿಂದ ಜನರ ಪರದಾಟ ಶುರುವಾಗುತ್ತದೆ. ಕೇಬಲ್ ಬದಲಿಸುತ್ತಾರೆ, ಟಿವಿಯ ಇನ್ನೊಂದು ಎಚ್‌ಡಿಎಂಐ ಪೋರ್ಟಿಗೆ ಹಾಕಿ ನೋಡುತ್ತಾರೆ, ಕೊನೆಗೆ ಹೆಚ್ಚು ಬೆಲೆಯ ಅಡಾಪ್ಟರ್ ತರುತ್ತಾರೆ. ದಾರಿ ತಪ್ಪಿಸುವ ಸಂಗತಿಯೂ ಒಂದಿದೆ. ಅದೇ ಅಡಾಪ್ಟರಿನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ಎ54 ಅದಕ್ಕೆ ಹಾಕಿದ ಪೆನ್‌ಡ್ರೈವನ್ನು ಓದುತ್ತದೆ, ಮೌಸ್ ಹಾಕಿದರೆ ಪರದೆಯಲ್ಲಿ ಬಾಣದ ಗುರುತು ಓಡಾಡುತ್ತದೆ. ಹೀಗೆ ಎಲ್ಲವೂ ನಡೆಯುವಾಗ ಚಿತ್ರ ಮಾತ್ರ ಬರದಿದ್ದರೆ ಅಡಾಪ್ಟರ್ ಕೆಟ್ಟಿದೆ ಎಂದುಕೊಳ್ಳುವುದು ಸಹಜವೇ. ಆದರೆ ಅಡಾಪ್ಟರ್ ಸರಿಯಾಗಿಯೇ ಇರುತ್ತದೆ. ಕಾರಣವಿರುವುದು ಫೋನಿನ ಒಳಗೆ.

ಅದಕ್ಕೆ ಕೈ ಹಾಕುವ ಮೊದಲು, ತಂತಿಯಿಲ್ಲದೆ ಟಿವಿಗೆ ಹೋಗುವ ಎರಡು ದಾರಿಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಮಾತಿನಲ್ಲಿ ಎರಡನ್ನೂ ‘ಟಿವಿಗೆ ಕನೆಕ್ಟ್ ಮಾಡುವುದು’ ಎಂದೇ ಹೇಳುತ್ತಾರೆ. ಕೆಲಸ ಮಾಡುವ ರೀತಿ ಮಾತ್ರ ಪೂರಾ ಬೇರೆ.

ಮೊದಲನೆಯದು ಕಾಸ್ಟಿಂಗ್. ಯೂಟ್ಯೂಬ್ ಆ್ಯಪಿನಲ್ಲಿ ಪುಟ್ಟ ಟಿವಿಯ ಮೂಲೆಯಿಂದ ಅಲೆ ಹೊರಡುವಂಥ ಚಿಹ್ನೆ ಇರುತ್ತದೆ. ಅದನ್ನು ಒತ್ತಿ ಟಿವಿಯನ್ನು ಆರಿಸಿದಾಗ ಫೋನ್ ವಿಡಿಯೊವನ್ನು ಕಳಿಸುವುದಿಲ್ಲ. ಇಂಥ ವಿಡಿಯೊವನ್ನು ಹಾಕು ಎಂದು ಟಿವಿಗೆ ವಿಳಾಸ ಹೇಳುತ್ತದೆ, ಅಷ್ಟೇ. ವಿಡಿಯೊವನ್ನು ಯೂಟ್ಯೂಬಿನ ಸರ್ವರಿನಿಂದ ಟಿವಿಯೇ ನೇರವಾಗಿ ತರಿಸಿಕೊಳ್ಳುತ್ತದೆ. ವಿಡಿಯೊ ಶುರುವಾದ ಮೇಲೆ ಫೋನಿನ ಪರದೆ ಆರಿಸಿದರೂ ಟಿವಿ ನಿಲ್ಲುವುದಿಲ್ಲ. 2013ರಲ್ಲಿ ಗೂಗಲ್ ತಂದ ಕ್ರೋಮ್‌ಕಾಸ್ಟ್ ಎಂಬ ಪುಟ್ಟ ಸಾಧನ ಈ ಪದ್ಧತಿಯನ್ನು ಮನೆಮಾತು ಮಾಡಿತು. ಈಗಿನ ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿಗಳಲ್ಲಿ ಅದು ಒಳಗೇ ಇರುತ್ತದೆ. ಹೊರೆಯೆಲ್ಲ ಟಿವಿಯ ಮೇಲೆ ಬೀಳುವುದರಿಂದ ಅಗ್ಗದ ಫೋನೂ ಇದಕ್ಕೆ ಸಾಕು. ಆದರೆ ಫೋನ್ ಮತ್ತು ಟಿವಿ ಒಂದೇ ವೈಫೈ ಜಾಲದಲ್ಲಿರಬೇಕು. ಟಿವಿಯನ್ನು ಮನೆಯ ರೌಟರಿಗೂ ಫೋನನ್ನು ಅದೇ ರೌಟರಿನ ‘ಗೆಸ್ಟ್’ ವೈಫೈಗೂ ಸೇರಿಸಿದ್ದರೆ ಎರಡಕ್ಕೂ ಇಂಟರ್ನೆಟ್ ಸಿಗುತ್ತದೆ, ಆದರೂ ಕಾಸ್ಟ್ ಪಟ್ಟಿಯಲ್ಲಿ ಟಿವಿಯ ಹೆಸರು ಕಾಣುವುದಿಲ್ಲ.

ಎರಡನೆಯದು ಮಿರರಿಂಗ್. ಇಲ್ಲಿ ಫೋನಿನ ಪರದೆಯಲ್ಲಿರುವುದೆಲ್ಲ, ವಾಟ್ಸ್‌ಆ್ಯಪ್ ಸಂದೇಶದ ಸಮೇತ, ಟಿವಿಯಲ್ಲೂ ಕಾಣುತ್ತದೆ. ಫೋನ್ ತನ್ನ ಪರದೆಯನ್ನು ಕ್ಷಣಕ್ಷಣವೂ ವಿಡಿಯೊ ಆಗಿ ಕುಗ್ಗಿಸಿ ವೈಫೈ ಮೂಲಕ ಕಳಿಸುತ್ತಿರಬೇಕು. ಅದಕ್ಕೇ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಬೆರಳು ಸರಿಸಿ ಒಂದು ಗಳಿಗೆ ಕಳೆದ ಮೇಲೆ ಟಿವಿಯಲ್ಲಿ ಚಿತ್ರ ಸರಿಯುತ್ತದೆ. ಫೋಟೊ ತೋರಿಸಲು, ಪಾಠ ಮಾಡಲು ಇದು ತೊಡಕಾಗದು. ಗೇಮ್ ಆಡುವವರಿಗೆ ಆಗದ ಮಾತು.

ಮಿರರಿಂಗಿನಲ್ಲಿ ಫೋನಿನ ಕಂಪನಿ ಯಾವುದು ಎಂಬುದೂ ಮುಖ್ಯವಾಗುತ್ತದೆ. ಮಿರಾಕಾಸ್ಟ್ ಎಂಬ ಪದ್ಧತಿಗೆ ವೈಫೈ ಅಲಯನ್ಸ್ 2012ರಲ್ಲಿ ಪ್ರಮಾಣಪತ್ರ ಕೊಡಲು ಆರಂಭಿಸಿತು. ಇದಕ್ಕೆ ರೌಟರ್ ಬೇಡ, ಫೋನ್ ಮತ್ತು ಟಿವಿ ನೇರವಾಗಿ ಕೈ ಹಿಡಿಯುತ್ತವೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ‘Smart View’ ಎಂಬ ಹೆಸರಿನಲ್ಲಿರುವುದು ಹೆಚ್ಚಾಗಿ ಬಳಸುವುದು ಇದನ್ನೇ. ಗೂಗಲಿನ ಪಿಕ್ಸೆಲ್ ಫೋನುಗಳು ಮಿರಾಕಾಸ್ಟ್ ಬಿಟ್ಟು ತಮ್ಮದೇ ಕಾಸ್ಟ್ ಪದ್ಧತಿಯನ್ನಷ್ಟೇ ಇಟ್ಟುಕೊಂಡಿವೆ. ಐಫೋನಿಗೆ ಏರ್‌ಪ್ಲೇ ಅರಿಯುವ ಟಿವಿ ಇಲ್ಲವೇ ಆ್ಯಪಲ್ ಟಿವಿ ಪೆಟ್ಟಿಗೆ ಬೇಕು. ಹೀಗಾಗಿ ಮಿರಾಕಾಸ್ಟ್ ಮಾತ್ರ ಇರುವ ಹಳೆಯ ಟಿವಿಯ ಮುಂದೆ ಅಗ್ಗದ ಗ್ಯಾಲಕ್ಸಿ ಗೆಲ್ಲುತ್ತದೆ, ದುಬಾರಿ ಪಿಕ್ಸೆಲ್ ಮತ್ತು ಐಫೋನ್ ಸುಮ್ಮನೆ ಕೂರುತ್ತವೆ. ಒಟಿಟಿ ಆ್ಯಪುಗಳು ಮಿರರಿಂಗಿನಲ್ಲಿ ದನಿ ಮಾತ್ರ ಕೇಳಿಸಿ ಪರದೆಯನ್ನು ಕಪ್ಪಾಗಿಸುವುದೂ ಉಂಟು. ಅದು ದೋಷವಲ್ಲ, ನಕಲು ತಡೆಯಲು ಬೇಕೆಂದೇ ಮಾಡಿದ ಏರ್ಪಾಡು.

ಇನ್ನು ತಂತಿಯ ದಾರಿ. ಟೈಪ್-ಸಿ ಕಿಂಡಿಯೊಳಗೆ 24 ಸಂಪರ್ಕ ಬಿಂದುಗಳಿವೆ. ಅವುಗಳಲ್ಲಿ ನಡುವಿನ ಕೆಲವು ಹಳೆಯ ಯುಎಸ್‌ಬಿ 2.0ಗೆ ಮೀಸಲು. ಪೆನ್‌ಡ್ರೈವ್, ಮೌಸ್, ಕೀಬೋರ್ಡ್ ನಡೆಯಲು ಇಷ್ಟೇ ಸಾಕು. ಇವಲ್ಲದೆ ಅತಿ ವೇಗದ ನಾಲ್ಕು ಜೋಡಿಗಳಿವೆ. ಚಿತ್ರ ಹರಿಯಬೇಕಾದದ್ದು ಆ ಜೋಡಿಗಳ ಮೇಲೆ. ಅಡಾಪ್ಟರ್ ಚುಚ್ಚಿದ ಕೂಡಲೇ ಅದೂ ಫೋನೂ ಇನ್ನೊಂದು ಸಣ್ಣ ತಂತಿಯಲ್ಲಿ ಮಾತಾಡಿಕೊಳ್ಳುತ್ತವೆ. ಫೋನ್ ಒಪ್ಪಿದರೆ ವೇಗದ ಜೋಡಿಗಳನ್ನು ಯುಎಸ್‌ಬಿಯಿಂದ ಬಿಡಿಸಿ ಡಿಸ್‌ಪ್ಲೇಪೋರ್ಟ್ ಸಂಕೇತಕ್ಕೆ ಬಿಟ್ಟುಕೊಡುತ್ತದೆ. ಈ ಏರ್ಪಾಟಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂದು ಹೆಸರು. ಬಂದ ಸಂಕೇತವನ್ನು ಎಚ್‌ಡಿಎಂಐಗೆ ತಿರುಗಿಸುವುದಷ್ಟೇ ಅಡಾಪ್ಟರಿನ ಕೆಲಸ. ಚಿತ್ರವನ್ನು ತಾನೇ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಎ54ರ ಕಿಂಡಿ ಯುಎಸ್‌ಬಿ 2.0 ಮಟ್ಟದ್ದು, ಚಿತ್ರ ಹೊರಗೆ ಕಳಿಸುವ ವ್ಯವಸ್ಥೆಯನ್ನೇ ಅದಕ್ಕೆ ಕೊಟ್ಟಿಲ್ಲ. ಊರಿಗೆ ನಾಲ್ಕು ಪಥದ ಹೆದ್ದಾರಿಯ ಕಮಾನು ಕಟ್ಟಿ ಹಿಂದೆ ರಸ್ತೆ ಹಾಕದಿದ್ದಂತೆ ಇದು. ಯಾವ ಸೆಟ್ಟಿಂಗ್, ಯಾವ ಆ್ಯಪ್, ಯಾವ ಅಪ್‌ಡೇಟ್ ಕೂಡ ಇಲ್ಲದ ತಂತಿಯನ್ನು ತರಲಾರದು.

ಹಾಗಾದರೆ ಯುಎಸ್‌ಬಿ 3 ಎಂದಿದ್ದರೆ ಧೈರ್ಯವಾಗಿ ಕೊಳ್ಳಬಹುದೇ? ಅಲ್ಲೂ ಎಡವುವ ಸಾಧ್ಯತೆ ಇದೆ. ಪಿಕ್ಸೆಲ್ 7ರಲ್ಲಿ ವೇಗದ ಯುಎಸ್‌ಬಿ 3.2 ಇದ್ದರೂ ಟಿವಿಗೆ ಚಿತ್ರ ಹೋಗದು. ಪಿಕ್ಸೆಲ್ 8 ಮಾಲೀಕರಿಗೆ ಈ ಸೌಲಭ್ಯ ಸಿಕ್ಕಿದ್ದು 2024ರ ಜೂನ್ ಅಪ್‌ಡೇಟ್ ನಂತರ. ಅಂದರೆ ತಂತಿ ಇದ್ದರೂ ಕಂಪನಿ ಬಾಗಿಲು ತೆಗೆಯಬೇಕು. ಐಫೋನ್ 15 ಇದಕ್ಕೆ ತದ್ವಿರುದ್ಧ: ಫೈಲ್ ಸಾಗಿಸುವಾಗ ಅದರದ್ದು ಯುಎಸ್‌ಬಿ 2 ವೇಗವೇ, ಆದರೆ ಡಿಸ್‌ಪ್ಲೇಪೋರ್ಟಿಗೆ ಬೇಕಾದ ಜೋಡಿಗಳನ್ನು ಆ್ಯಪಲ್ ಕೊಟ್ಟಿರುವುದರಿಂದ 4ಕೆ ಚಿತ್ರ ಹೊರಬರುತ್ತದೆ. ಆದ್ದರಿಂದ ಫೋನಿನ ವಿವರಪಟ್ಟಿಯಲ್ಲಿ ಅಂಕಿಗಿಂತ ಹುಡುಕಬೇಕಾದದ್ದು ‘DisplayPort’ ಎಂಬ ಪದ.

ಪದ ಕಾಣದ ಫೋನಿನವರಿಗೂ ಒಂದು ಸುತ್ತುದಾರಿ ಇದೆ. ಡಿಸ್‌ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರನ್ನು ಆಂಡ್ರಾಯ್ಡ್ ಫೋನಿಗೆ ಹಾಕಿ, ‘DisplayLink Presenter’ ಆ್ಯಪ್ ಇಳಿಸಿಕೊಂಡರೆ, ಅದು ಪರದೆಯನ್ನು ಕುಗ್ಗಿಸಿ ಮಾಮೂಲಿ ಯುಎಸ್‌ಬಿ ತಂತಿಯ ಮೇಲೇ ಕಳಿಸುತ್ತದೆ. ಒಂದರ್ಥದಲ್ಲಿ ತಂತಿಯಲ್ಲಿ ನಡೆಯುವ ಮಿರರಿಂಗ್. ಸ್ಲೈಡ್ ತೋರಿಸಲು ಅಡ್ಡಿಯಿಲ್ಲ, ನಕಲು ತಡೆಯಿರುವ ಸಿನಿಮಾ ಮಾತ್ರ ಕಾಣುವುದಿಲ್ಲ. ಈ ಅಡಾಪ್ಟರಿನ ಬೆಲೆಯೂ ಸಾಧಾರಣ ಅಡಾಪ್ಟರಿಗಿಂತ ಜಾಸ್ತಿ.

ಚಿತ್ರ ಹೊರಬರುವ ಫೋನ್ ಕೈಲಿದ್ದರೆ ಮುಂದಿನ ಮೆಟ್ಟಿಲು ಡೆಸ್ಕ್‌ಟಾಪ್ ಮೋಡ್. ಸ್ಯಾಮ್‌ಸಂಗ್ ಇದನ್ನು ಡೆಕ್ಸ್ ಎಂಬ ಹೆಸರಿನಲ್ಲಿ 2017ರಲ್ಲಿ ಗ್ಯಾಲಕ್ಸಿ ಎಸ್8ರ ಜೊತೆ ತಂದಿತು. ಆಗ ಅದಕ್ಕೆಂದೇ ಒಂದು ಡಾಕ್ ಕೊಳ್ಳಬೇಕಿತ್ತು. 2018ರ ನೋಟ್ 9ರಿಂದ ಬರೀ ಅಡಾಪ್ಟರ್ ಸಾಕಾಯಿತು. 2020ರ ನೋಟ್ 20ರಿಂದ ತಂತಿಯಿಲ್ಲದೆಯೂ ನಡೆಯತೊಡಗಿತು.

ಎಸ್23ನ್ನೇ ಒಂದು ಮಾನಿಟರಿಗೆ ಜೋಡಿಸಿ ನೋಡೋಣ. ಡೆಕ್ಸ್ ಆರಿಸಿಕೊಂಡಾಗ ಮಾನಿಟರಿನಲ್ಲಿ ಕಾಣುವುದು ಫೋನಿನ ಉದ್ದನೆಯ ಪರದೆಯಲ್ಲ. ಕೆಳಗೆ ಟಾಸ್ಕ್‌ಬಾರ್ ಇರುವ, ಕಂಪ್ಯೂಟರಿನಂಥ ಅಗಲ ಪರದೆ. ಬ್ಲೂಟೂತ್ ಕೀಬೋರ್ಡ್, ಮೌಸ್ ಸೇರಿಸಿಕೊಂಡರೆ ಒಂದು ಕಿಟಕಿಯಲ್ಲಿ ವರ್ಡ್, ಪಕ್ಕದಲ್ಲಿ ಬ್ರೌಸರ್, ಇನ್ನೊಂದರಲ್ಲಿ ಇಮೇಲ್ ತೆರೆದು ಕೆಲಸ ಮಾಡಬಹುದು. ಮೌಸ್ ಇಲ್ಲದಿದ್ದರೆ ಫೋನಿನ ಪರದೆಯೇ ಟಚ್‌ಪ್ಯಾಡ್ ಆಗುತ್ತದೆ. ನಡುವೆ ಕರೆ ಬಂದರೆ ಫೋನಿನಲ್ಲಿ ಮಾತಾಡಬಹುದು, ಮಾನಿಟರಿನ ಕೆಲಸ ಹಾಗೇ ಇರುತ್ತದೆ. ಆದರೆ ತೆರೆಯುವುದು ಆಂಡ್ರಾಯ್ಡ್ ಆ್ಯಪುಗಳೇ. ವಿಂಡೋಸಿಗೆಂದು ಮಾಡಿದ ಟ್ಯಾಲಿಯಂಥ ತಂತ್ರಾಂಶವನ್ನು ಇದರಲ್ಲಿ ಹಾಕಲಾಗದು.

ಮೊಟೊರೊಲಾ ತನ್ನ ಎಡ್ಜ್ ಸರಣಿಯ ಹಲವು ಫೋನುಗಳಿಗೆ ‘Ready For’ ಎಂಬ ಇಂಥದ್ದೇ ವ್ಯವಸ್ಥೆ ಕೊಟ್ಟಿತು, ಈಗ ಅದರ ಹೆಸರು ‘Smart Connect’. ಗೂಗಲ್ 2025ರಲ್ಲಿ ಸ್ಯಾಮ್‌ಸಂಗ್ ಜೊತೆ ಸೇರಿ, ಡೆಕ್ಸ್ ಬುನಾದಿಯ ಮೇಲೆ, ಆಂಡ್ರಾಯ್ಡಿಗೇ ಡೆಸ್ಕ್‌ಟಾಪ್ ಮೋಡ್ ಸೇರಿಸುವುದಾಗಿ ಪ್ರಕಟಿಸಿತು. ಆಂಡ್ರಾಯ್ಡ್ 16ರ ಪರೀಕ್ಷಾ ಆವೃತ್ತಿಯಲ್ಲಿ ಅದು ಪಿಕ್ಸೆಲ್ 8 ಮತ್ತು ನಂತರದ ಫೋನುಗಳಲ್ಲಿ ಕಾಣಿಸಿಕೊಂಡಿತು. ಐಫೋನ್ ಕೇಬಲ್ಲಿನಲ್ಲಿ ಚಿತ್ರ ಕಳಿಸಿದರೂ ತೋರಿಸುವುದು ತನ್ನ ಪರದೆಯ ಪ್ರತಿಬಿಂಬವನ್ನೇ. ಡೆಸ್ಕ್‌ಟಾಪ್ ಮೋಡ್ ಅದರಲ್ಲಿಲ್ಲ.

ಫೋನ್ ಸರಿಯಿದ್ದೂ ಕೈಕೊಡುವ ಸಂದರ್ಭಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಾರ್ಜರಿನ ಕೇಬಲ್ಲನ್ನು. ಈಚಿನ ಹಲವು ಮಾನಿಟರುಗಳಿಗೆ ಟೈಪ್-ಸಿ ಕಿಂಡಿಯೇ ಇರುತ್ತದೆ, ಅಡಾಪ್ಟರ್ ಬೇಕಿಲ್ಲ. ಆಗ ಫೋನಿನ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ, ಚಿತ್ರ ಬರುವುದಿಲ್ಲ. ಚಾರ್ಜಿಂಗ್ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ, ವೇಗದ ಜೋಡಿಗಳಿರುವುದಿಲ್ಲ. ವಿಡಿಯೊಗೂ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ ಕೇಬಲ್ಲನ್ನೇ ಕೇಳಿ ಪಡೆಯಬೇಕು.

ಅಗ್ಗದ ಅಡಾಪ್ಟರುಗಳ ಮೇಲೆ ದೊಡ್ಡದಾಗಿ ‘4K’ ಎಂದಿರುತ್ತದೆ, ‘30Hz’ ಎಂಬುದು ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಸೆಕೆಂಡಿಗೆ 30 ಸಲ ಮಾತ್ರ ಬದಲಾಗುವ ಪರದೆಯಲ್ಲಿ ಮೌಸಿನ ಬಾಣ ಎಡವುತ್ತಾ ಓಡುತ್ತದೆ. ಡೆಸ್ಕ್‌ಟಾಪ್ ಮೋಡಿಗೆ ‘4K 60Hz’ ಎಂದಿರುವುದು ಬೇಕು. ಇಲ್ಲವಾದರೆ ಫೋನಿನಲ್ಲಿ ಆಯ್ಕೆ ಇದ್ದಲ್ಲಿ ರೆಸಲ್ಯೂಶನ್ನನ್ನು 1080ಪಿಗೆ ಇಳಿಸಿದರೆ ಓಟ ಸುಧಾರಿಸುತ್ತದೆ. ಟಿವಿಗೆ ಜೋಡಿಸಿದಾಗ ಟಾಸ್ಕ್‌ಬಾರಿನ ಅಂಚು ಕತ್ತರಿಸಿದಂತೆ ಕಂಡರೆ ಅದು ಟಿವಿ ಚಿತ್ರವನ್ನು ಹಿಗ್ಗಿಸುತ್ತಿರುವುದರ ಗುರುತು. ಚಿತ್ರದ ಅಳತೆಯ ಸೆಟ್ಟಿಂಗಿನಲ್ಲಿ ‘Screen Fit’ ಅಥವಾ ‘Just Scan’ ಆರಿಸಿದರೆ ಸರಿಹೋಗುತ್ತದೆ. ಗಂಟೆಗಟ್ಟಲೆ ಕೆಲಸವಿದ್ದರೆ ಚಾರ್ಜರ್ ಹಾಕಲು ಇನ್ನೊಂದು ಟೈಪ್-ಸಿ ಪೋರ್ಟ್ ಇರುವ ಅಡಾಪ್ಟರೇ ಆಗಬೇಕು, ಫೋನಿಗಿರುವುದು ಒಂದೇ ಕಿಂಡಿಯಲ್ಲವೇ.

ಹೊಸ ಫೋನ್ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲೇ ಒಂದು ಪರೀಕ್ಷೆ ಸಾಧ್ಯ. ಬೇರೊಂದು ಫೋನಿನಲ್ಲಿ ಚಿತ್ರ ಬರುತ್ತದೆಂದು ಖಾತ್ರಿಯಾದ ಅಡಾಪ್ಟರನ್ನು ಜೊತೆಗೊಯ್ದು, ಪ್ರದರ್ಶನಕ್ಕಿಟ್ಟ ಫೋನಿಗೂ ಅಲ್ಲಿನ ಟಿವಿಗೂ ನಡುವೆ ಹಾಕಿಸಿ ನೋಡಬೇಕು. ಒಂದೇ ಸರಣಿಯಲ್ಲಿ ಒಂದು ಮಾದರಿಗೆ ಈ ಸೌಲಭ್ಯ ಕೊಟ್ಟು ಇನ್ನೊಂದಕ್ಕೆ ಕೊಡದಿರುವುದು ಕಂಪನಿಗಳಿಗೆ ಹೊಸದಲ್ಲ. ಹಾಗಾಗಿ ಪರೀಕ್ಷಿಸಿದ ಮಾದರಿಯ ಸಂಖ್ಯೆಯೇ ಬಿಲ್ಲಿನಲ್ಲೂ ಇದೆಯೇ ಎಂದು ನೋಡಿಕೊಂಡು ಹಣ ಕೊಡಬೇಕು.